8×10 ಫ್ರೇಮಿಗೆ ಫೋಟೋ ಕತ್ತರಿಸುವಾಗ ಯಾವ ಅಂಚನ್ನು ಬಿಟ್ಟುಕೊಡಬೇಕು?

ಓದುಗರಿಂದ ಮತ್ತೆ ಮತ್ತೆ ಬರುವ ದೂರು ಒಂದೇ ಬಗೆಯದು. ಮೊಬೈಲಿನಲ್ಲಿ ನೋಡಿದಾಗ ಫೋಟೋದಲ್ಲಿ ಪಾದದವರೆಗೂ ಎಲ್ಲ ಇತ್ತು, 8×10 ಪ್ರಿಂಟ್ ಹಾಕಿಸಿದರೆ ಪಾದ ಮಾಯ. ಗುಂಪು ಫೋಟೋದಲ್ಲಿ ಹದಿನಾಲ್ಕು ಜನ ಇದ್ದರು, ಗೋಡೆಗೆ ಬಂದವರು ಹನ್ನೆರಡೂವರೆ ಜನ. ಅಂಗಡಿಯವರು ಯಾಕೆ ಹೀಗೆ ಕತ್ತರಿಸಿದರು?

ಅವರು ಕತ್ತರಿಸಲೇಬೇಕಾಗಿತ್ತು. ನಿಮ್ಮ ಫೋಟೋದ ಆಕಾರವೂ ನೀವು ಕೊಂಡ ಫ್ರೇಮಿನ ಆಕಾರವೂ ಬೇರೆ ಬೇರೆ. ಕಾಗದವನ್ನು ಪೂರ್ತಿ ತುಂಬಿಸಬೇಕೆಂದರೆ ಏನಾದರೂ ಹೊರಗೆ ಉಳಿಯಬೇಕು. ಎಲ್ಲಿಂದ ಕತ್ತರಿಸಬೇಕೆಂದು ನೀವು ಹೇಳದಿದ್ದಾಗ ಯಂತ್ರ ಎರಡೂ ಕಡೆಯಿಂದ ಸಮನಾಗಿ ತೆಗೆಯುತ್ತದೆ. ನಿಮ್ಮ ಅಜ್ಜಿಯ ಪಾದವೂ ಒಂದೇ, ಕೆಳಗಿನ ಸಿಮೆಂಟು ನೆಲವೂ ಒಂದೇ ಅದಕ್ಕೆ.

ಈ ತೀರ್ಮಾನವನ್ನು ಯಂತ್ರಕ್ಕೆ ಬಿಡದೆ ನೀವೇ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಬೇಕಾದ ಸಾಮಾನು ಹೆಚ್ಚಿಲ್ಲ: ಫೋಟೋದ ಮೂಲ ಫೈಲ್, ಅಳತೆಪಟ್ಟಿ, ಕ್ಯಾಲ್ಕ್ಯುಲೇಟರ್, ಮತ್ತು ಅನುಪಾತವನ್ನು ಹಿಡಿದಿಟ್ಟು ಕತ್ತರಿಸಬಲ್ಲ ಯಾವುದಾದರೂ ಆಪ್. ಫ್ರೇಮ್ ಇನ್ನೂ ಕೊಂಡಿಲ್ಲವಾದರೆ ಬಹಳ ಒಳ್ಳೆಯದು; ಯಾಕೆಂದು ಐದನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ಫ್ರೇಮಿನಲ್ಲಿ ನಿಜವಾಗಿ ಎಷ್ಟು ಕಾಣುತ್ತದೆ ಎಂದು ಅಳೆಯಿರಿ

ಫ್ರೇಮಿನ ಮೇಲೆ 8×10 ಎಂದು ಬರೆದಿದ್ದರೆ ಅದು ಒಳಗೆ ಕೂರುವ ಗಾಜಿನ ಮತ್ತು ಫೋಟೋದ ಅಳತೆ, ಇಂಚುಗಳಲ್ಲಿ. ಗಾಜು ಮುಂದಕ್ಕೆ ಜಾರದಂತೆ ಚೌಕಟ್ಟಿನ ಪಟ್ಟಿಗೆ ಒಳಮುಖವಾಗಿ ಒಂದು ಅಂಚು ಇರುತ್ತದೆ. ಈ ಅಂಚು ಪ್ರತಿ ಬದಿಯಲ್ಲೂ ಸುಮಾರು ಕಾಲು ಇಂಚು, ಎಂದರೆ 6 ಮಿಲಿಮೀಟರಿನಷ್ಟು ಫೋಟೋವನ್ನು ಮುಚ್ಚುತ್ತದೆ. ಹಾಗಾಗಿ 8×10 ಫ್ರೇಮಿನಲ್ಲಿ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ 7½×9½ ಇಂಚು ಮಾತ್ರ. ಫ್ರೇಮ್ ಕೈಯಲ್ಲಿದ್ದರೆ ಮುಂದಿನಿಂದ ಕಾಣುವ ಕಿಂಡಿಯನ್ನೂ ಹಿಂದಿನಿಂದ ಗಾಜನ್ನೂ ಅಳೆದು ಎರಡನ್ನೂ ಬರೆದಿಟ್ಟುಕೊಳ್ಳಿ.

ಫೋಟೋವನ್ನು ಕತ್ತರಿಸುವುದು ಗಾಜಿನ ಅಳತೆಗೆ. ಮುಖ, ಕೈ, ಕಾಲು ಎಲ್ಲ ಬಂದಿದೆಯೇ ಎಂದು ನೋಡುವುದು ಕಿಂಡಿಯ ಅಳತೆಗೆ. ಈ ಎರಡನ್ನು ಬೆರೆಸಿಕೊಂಡವರ ಫೋಟೋಗಳಲ್ಲೇ ಬೆರಳ ತುದಿಗಳು ಚೌಕಟ್ಟಿನ ಕೆಳಗೆ ಅಡಗಿ ಕೂರುತ್ತವೆ.

ಫ್ರೇಮಿಗೆ ಮೌಂಟ್ ಇದ್ದರೆ ಲೆಕ್ಕ ಬದಲಾಗುತ್ತದೆ. ಮೌಂಟ್ ಎಂದರೆ ಗಾಜಿಗೂ ಫೋಟೋಗೂ ನಡುವೆ ಇಡುವ, ಮಧ್ಯದಲ್ಲಿ ಕಿಟಕಿ ಕೊರೆದ ದಪ್ಪ ಹಲಗೆಕಾಗದ. ಆಗ ನಿಮ್ಮ ಫೋಟೋ ಹೊಂದಬೇಕಾದುದು ಆ ಕಿಟಕಿಯ ಆಕಾರಕ್ಕೆ. ಹೊರಗಿನ ಫ್ರೇಮಿನ ಅಳತೆ ಆಮೇಲಿನ ಮಾತು.

ಹಂತ 2: ಫೋಟೋದ ಆಕಾರ ಮತ್ತು ಫ್ರೇಮಿನ ಆಕಾರ ಹೋಲಿಸಿ

ಉದ್ದ ಬದಿಯನ್ನು ಗಿಡ್ಡ ಬದಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅನುಪಾತ. 8×10ಕ್ಕೆ ಇದು 1.25. ಫೋಟೋದ ಉದ್ದ ಅಗಲಗಳು ಮೊಬೈಲಿನ ಗ್ಯಾಲರಿಯಲ್ಲಿ ವಿವರ ತೆರೆದರೆ ಪಿಕ್ಸೆಲ್‌ಗಳಲ್ಲಿ ಸಿಗುತ್ತವೆ. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟಿರುವ ಪುಟ್ಟ ಬಣ್ಣದ ಚುಕ್ಕಿ. ಮೊಬೈಲಿನ ಸಾಮಾನ್ಯ ಫೋಟೋ 4000×3000, ಎಂದರೆ 1.33, ಇದನ್ನೇ 4:3 ಎನ್ನುತ್ತಾರೆ. ಮದುವೆ ಛಾಯಾಗ್ರಾಹಕರ ದೊಡ್ಡ ಕ್ಯಾಮೆರಾದ ಫೋಟೋ 6000×4000, ಎಂದರೆ 1.5, ಇದು 3:2.

ಅಳತೆಗಳು ಹೀಗೆ ಹೊಂದದಿರುವುದಕ್ಕೆ ಕಾರಣ ಹಳೆಯದು. 3:2 ಬಂದದ್ದು 35 ಮಿಲಿಮೀಟರ್ ಫಿಲ್ಮಿನ 24×36 ಮಿಮೀ ಚೌಕದಿಂದ. 8×10 ಅದಕ್ಕೂ ಹಿಂದಿನದು. ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ನೆಗೆಟಿವ್ ಸ್ವತಃ ಅಷ್ಟೇ ಅಗಲವಿದ್ದು, ಅದನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. ಕ್ಯಾಮೆರಾ ಬದಲಾಯಿತು, ಫ್ರೇಮಿನ ಅಳತೆಗಳು ಉಳಿದುಕೊಂಡವು.

ನಮ್ಮ ಅಂಗಡಿಗಳಲ್ಲಿ ಸಿಗುವ ಅಳತೆಗಳಿಗೆ ಎಷ್ಟು ನಷ್ಟ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ಕೊಟ್ಟಿದ್ದೇನೆ:

| ಫ್ರೇಮ್ (ಇಂಚು) | ಅನುಪಾತ | ಮೊಬೈಲ್ ಫೋಟೋ (4:3) | ಕ್ಯಾಮೆರಾ ಫೋಟೋ (3:2) |
|---|---|---|---|
| 4×6, 8×12, 12×18 | 1.5 | ಗಿಡ್ಡ ಬದಿಯಲ್ಲಿ 11% | ನಷ್ಟವಿಲ್ಲ |
| A4 | 1.41 | ಗಿಡ್ಡ ಬದಿಯಲ್ಲಿ 6% | ಉದ್ದ ಬದಿಯಲ್ಲಿ 6% |
| 5×7 | 1.4 | ಗಿಡ್ಡ ಬದಿಯಲ್ಲಿ 5% | ಉದ್ದ ಬದಿಯಲ್ಲಿ 7% |
| 6×8, 12×16 | 1.33 | ನಷ್ಟವಿಲ್ಲ | ಉದ್ದ ಬದಿಯಲ್ಲಿ 11% |
| 8×10, 12×15, 16×20 | 1.25 | ಉದ್ದ ಬದಿಯಲ್ಲಿ 6% | ಉದ್ದ ಬದಿಯಲ್ಲಿ 17% |
| 10×12 | 1.2 | ಉದ್ದ ಬದಿಯಲ್ಲಿ 10% | ಉದ್ದ ಬದಿಯಲ್ಲಿ 20% |

ಕೊನೆಯ ಸಾಲಿನ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನು 10×12ಕ್ಕೆ ಹಾಕಿಸಿದರೆ ಉದ್ದದ ಐದನೇ ಒಂದು ಭಾಗ ಹೋಗುತ್ತದೆ. ಸ್ಟುಡಿಯೋಗಳಲ್ಲಿ 10×12 ತೀರ ಸಾಮಾನ್ಯ ಅಳತೆಯಾದ್ದರಿಂದ ದೂರುಗಳೂ ಅಲ್ಲಿಂದಲೇ ಹೆಚ್ಚು.

ಹಂತ 3: ಯಾವ ಜೋಡಿ ಅಂಚು ಅಪಾಯದಲ್ಲಿದೆ ಎಂದು ಗುರುತಿಸಿ

ಇಲ್ಲಿಯ ನಿಯಮ ಸರಳ. ಫೋಟೋದ ಅನುಪಾತ ಫ್ರೇಮಿನದಕ್ಕಿಂತ ದೊಡ್ಡದಾಗಿದ್ದರೆ ನಷ್ಟ ಉದ್ದ ಬದಿಯಲ್ಲಿ. ಚಿಕ್ಕದಾಗಿದ್ದರೆ ಗಿಡ್ಡ ಬದಿಯಲ್ಲಿ. ಎರಡು ಕಡೆಯೂ ಏಕಕಾಲಕ್ಕೆ ಕತ್ತರಿಸಬೇಕಾದ ಅಗತ್ಯ ಎಂದೂ ಬರುವುದಿಲ್ಲ.

ಎಂದರೆ ನೀವು ನಾಲ್ಕು ಅಂಚುಗಳ ಬಗ್ಗೆ ಚಿಂತಿಸಬೇಕಾಗಿಲ್ಲ. ನಿಂತ ಫೋಟೋ 8×10ಕ್ಕೆ ಹೋಗುವಾಗ ತೂಗಿ ನೋಡಬೇಕಾದುದು ಮೇಲಿನ ಮತ್ತು ಕೆಳಗಿನ ಅಂಚನ್ನು ಮಾತ್ರ. ಎಡಬಲ ಹಾಗೆಯೇ ಉಳಿಯುತ್ತವೆ. ಅಡ್ಡ ಫೋಟೋವಾದರೆ ಎಡಬಲಗಳ ಸರದಿ. ಮೊಬೈಲ್ ಫೋಟೋ 4×6ಕ್ಕೆ ಹೋಗುವಾಗ ಇದು ತಿರುವುಮುರುವು: ಅಡ್ಡ ಫೋಟೋದಲ್ಲಿ ತಲೆಗೂ ಕಾಲಿಗೂ ಕತ್ತರಿ, ನಿಂತ ಫೋಟೋದಲ್ಲಿ ಅಕ್ಕಪಕ್ಕಕ್ಕೆ. ಅದೇ ಫೋಟೋ 8×10ರಲ್ಲಿ ಚೆನ್ನಾಗಿ ಬಂದು 4×6 ಆಲ್ಬಮ್ಮಿನಲ್ಲಿ ತಲೆ ಕಳೆದುಕೊಳ್ಳುವುದು ಈ ಕಾರಣಕ್ಕೇ.

ಹಂತ 4: ನಷ್ಟವನ್ನು ಎರಡು ಅಂಚುಗಳ ನಡುವೆ ಹಂಚಿ

ಕೆಲಸ ನಿಜವಾಗಿ ಇರುವುದು ಇಲ್ಲಿ. ಎಷ್ಟು ಹೋಗಬೇಕೆಂದು ಲೆಕ್ಕ ಈಗಾಗಲೇ ಹೇಳಿದೆ. ಅದರಲ್ಲಿ ಎಷ್ಟನ್ನು ಈ ಕಡೆಯಿಂದ, ಎಷ್ಟನ್ನು ಆ ಕಡೆಯಿಂದ ಕೊಡುತ್ತೀರಿ ಎನ್ನುವುದು ನಿಮ್ಮ ತೀರ್ಮಾನ. ಫೋಟೋವನ್ನು ತೆರೆದು, ಪ್ರತಿ ಅಂಚಿನಿಂದ ಒಳಕ್ಕೆ ಬರುತ್ತ, ಕಳೆದುಕೊಳ್ಳಲಾಗದ ಮೊದಲ ವಸ್ತು ಎಲ್ಲಿ ಸಿಗುತ್ತದೆ ನೋಡಿ. ಅಲ್ಲಿಯವರೆಗಿನ ಜಾಗವೇ ಆ ಅಂಚಿನಲ್ಲಿರುವ ಉಳಿತಾಯ. ಎರಡೂ ಅಂಚುಗಳ ಉಳಿತಾಯ ಕೂಡಿದರೆ ನಷ್ಟಕ್ಕಿಂತ ಹೆಚ್ಚಿರಬೇಕು, ಜೊತೆಗೆ ಚೌಕಟ್ಟು ಮುಚ್ಚುವ ಕಾಲು ಕಾಲು ಇಂಚಿಗೂ ಸಾಕಾಗಬೇಕು.

ಮೇಲೆ ಕೆಳಗೆ ಕತ್ತರಿಸುವಾಗ ಬಹಳ ಜನ ತಲೆಯ ಮೇಲಿನ ಜಾಗವನ್ನು ಉಳಿಸಿ ಕಾಲನ್ನು ಕಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಿರುಗಬೇಕು. ತಲೆಯ ಮೇಲೆ ಖಾಲಿ ಗೋಡೆಯೋ ಆಕಾಶವೋ ಇದ್ದರೆ ಮೊದಲು ಹೋಗಬೇಕಾದುದು ಅದು. ಕಾಣುವ ಭಾಗದಲ್ಲಿ ತಲೆಯ ಮೇಲೆ ಅರ್ಧ ಇಂಚು ಉಳಿದರೆ 8×10ಕ್ಕೆ ಸಾಕು. ಪೂರ್ತಿ ನಿಂತ ಚಿತ್ರದಲ್ಲಿ ಪಾದ ಇರಬೇಕು, ಪಾದದ ಕೆಳಗೆ ಒಂದಿಷ್ಟು ನೆಲವೂ ಇರಬೇಕು. ಇಲ್ಲದಿದ್ದರೆ ಜನ ಚೌಕಟ್ಟಿನ ಮೇಲೆ ನಿಂತಂತೆ ಕಾಣುತ್ತಾರೆ. ಹಿರಿಯರ ಮತ್ತು ದೇವರ ಚಿತ್ರಗಳಲ್ಲಿ ಪಾದ ತುಂಡಾದರೆ ಮನೆಯಲ್ಲಿ ಏನು ಮಾತು ಬರುತ್ತದೆ ಎಂದು ನಿಮಗೆ ಗೊತ್ತೇ ಇದೆ.

ಪಾದ ಉಳಿಸಲು ಆಗುವುದೇ ಇಲ್ಲ ಎಂದಾದರೆ ಕೀಲುಗಳ ಮೇಲೆ ಕತ್ತರಿ ಹಾಕಬೇಡಿ. ಕಣಕಾಲು, ಮೊಣಕಾಲು, ಮಣಿಕಟ್ಟು, ಮೊಣಕೈಗಳಲ್ಲಿ ಚಿತ್ರ ಮುಗಿದರೆ ಅಂಗ ಕತ್ತರಿಸಿ ಹೋದಂತೆ ಕಾಣುತ್ತದೆ. ತೊಡೆಯ ನಡುವೆ, ಮೀನಖಂಡದ ನಡುವೆ, ಎದೆಯ ಮಟ್ಟದಲ್ಲಿ ಮುಗಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಹೀಗಾಗಿ ಬೆರಳಷ್ಟು ಕತ್ತರಿಸುವುದಕ್ಕಿಂತ ಗೇಣುದ್ದ ಕತ್ತರಿಸುವುದು ಎಷ್ಟೋ ಸಲ ಮೇಲು.

ಎಡಬಲಗಳಲ್ಲಿ ಕತ್ತರಿಸುವಾಗ ಒಬ್ಬರೇ ಇದ್ದರೆ ಅವರು ನೋಡುತ್ತಿರುವ ದಿಕ್ಕಿನ ಕಡೆ ಹೆಚ್ಚು ಜಾಗ ಬಿಡಿ, ಬೆನ್ನ ಹಿಂದಿನಿಂದ ತೆಗೆಯಿರಿ. ಗುಂಪು ಫೋಟೋದಲ್ಲಿ ತುದಿಯಲ್ಲಿ ನಿಂತವರ ಭುಜದವರೆಗಿನ ಜಾಗವೇ ಉಳಿತಾಯ, ಅದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ. ತುದಿಗೆ ನಿಲ್ಲುವವರು ಸಾಮಾನ್ಯವಾಗಿ ಮನೆಗೆ ಹೊಸದಾಗಿ ಬಂದ ಅಳಿಯನೋ ಸೊಸೆಯೋ ಆಗಿರುತ್ತಾರೆ; ಅವರ ಅರ್ಧ ಮುಖ ಹಜಾರದಲ್ಲಿ ನೇತಾಡುವುದು ಯಾರಿಗೂ ಹಿತವಲ್ಲ. ಒಂದು ತುದಿಯಲ್ಲಿ ಜಾಗ ಜಾಸ್ತಿ ಇದ್ದರೆ ಪೂರ್ತಿ ನಷ್ಟವನ್ನು ಆ ಕಡೆಯಿಂದಲೇ ಕೊಡಿ, ಗುಂಪು ನಡುವಿಗೆ ಬರುತ್ತದೆ.

ನಿಸರ್ಗದ ಚಿತ್ರಗಳಿಗೂ ಇದೇ ಪರೀಕ್ಷೆ. ಜೋಗ ಜಲಪಾತದಲ್ಲಿ ಒಂದು ತುದಿಗೆ ರಾಜ, ಇನ್ನೊಂದು ತುದಿಗೆ ರಾಣಿ, ನಡುವೆ ರೋರರ್ ಮತ್ತು ರಾಕೆಟ್. ನಾಲ್ಕೂ ಚೌಕಟ್ಟು ತುಂಬುವಂತೆ 3:2ರಲ್ಲಿ ತೆಗೆದ ಅಡ್ಡ ಚಿತ್ರವನ್ನು 10×12ಕ್ಕೆ ಹಾಕಿಸಿದರೆ ಹೋಗುವ 20% ಯಾವ ಕಡೆಯಿಂದ ಹೋದರೂ ಒಂದು ಕವಲು ಹೋದಂತೆ. ಅಂಥ ಚಿತ್ರಕ್ಕೆ 8×12 ಅಥವಾ 12×18 ಫ್ರೇಮ್ ಹುಡುಕುವುದೇ ದಾರಿ.

ತೀರಿಕೊಂಡವರ ಫೋಟೋಗೆ ಕಟ್ಟು ಹಾಕಿಸುವಾಗ ಇನ್ನೊಂದು ಸಂಗತಿ ನೆನಪಿರಲಿ. ಅದಕ್ಕೆ ಹಾರ ಬೀಳುತ್ತದೆ. ಹಾರ ಮೇಲಿನ ಎರಡು ಮೂಲೆಗಳನ್ನೂ ಎರಡು ಪಕ್ಕಗಳನ್ನೂ ಮುಚ್ಚುತ್ತದೆ. ಅಂಚಿನವರೆಗೂ ಮುಖ ತುಂಬಿದ್ದರೆ ಗಂಧದ ಹಾರದ ನಡುವೆ ಮೂಗು ಬಾಯಿ ಮಾತ್ರ ಕಾಣುತ್ತವೆ. ಇಂಥ ಫೋಟೋಗೆ ಮೇಲೂ ಪಕ್ಕಗಳಲ್ಲೂ ಬೇರೆ ಫೋಟೋಗಿಂತ ಉದಾರವಾಗಿ ಜಾಗ ಬಿಡಿ.

ಒಂದು ಫೋಟೋದ ಪೂರ್ತಿ ಲೆಕ್ಕ

ಮದುವೆಯ ಜೋಡಿ ನಿಂತಿರುವ ಚಿತ್ರವೊಂದನ್ನು ತೆಗೆದುಕೊಳ್ಳೋಣ. ನಿಂತ ಫೋಟೋ, ಅಗಲ 4000, ಎತ್ತರ 6000 ಪಿಕ್ಸೆಲ್. ಮದುಮಗನ ಪೇಟದ ತುದಿ ಮೇಲಿನಿಂದ 620ನೆಯ ಪಿಕ್ಸೆಲಿನಲ್ಲಿದೆ. ಇಬ್ಬರ ಕಾಲ ಬೆರಳುಗಳು 5500ರಲ್ಲಿ ಮುಗಿಯುತ್ತವೆ. ಹಾಗಾದರೆ ಮೇಲಿನ ಉಳಿತಾಯ 620, ಕೆಳಗಿನದು 500, ಒಟ್ಟು 1120.

8×10ಕ್ಕೆ ಅಗಲ 4000 ಇದ್ದರೆ ಎತ್ತರ 4000×1.25, ಎಂದರೆ 5000 ಇರಬೇಕು. 1000 ಪಿಕ್ಸೆಲ್ ಹೋಗಬೇಕು. 1120ರಲ್ಲಿ 1000 ಕಳೆದರೆ 120 ಉಳಿಯುತ್ತದಲ್ಲ, ಸಾಕು ಅನ್ನಿಸುತ್ತದೆ. ಆದರೆ ಈ ಪ್ರಿಂಟಿನಲ್ಲಿ ಒಂದು ಇಂಚಿಗೆ 500 ಪಿಕ್ಸೆಲ್ (4000 ಭಾಗಿಸು 8). ಚೌಕಟ್ಟು ಮೇಲೆ ಕಾಲು ಇಂಚು ಮುಚ್ಚಿದರೆ 125, ಕೆಳಗೆ ಮುಚ್ಚಿದರೆ ಇನ್ನೊಂದು 125. ಬೇಕಾದ್ದು 250, ಇರುವುದು 120. ಪ್ರಿಂಟ್ ಕೈಗೆ ಬಂದಾಗ ಎಲ್ಲ ಸರಿಯಾಗಿ ಕಾಣುತ್ತದೆ. ಫ್ರೇಮಿಗೆ ಕೂರಿಸಿದ ಮೇಲೆ ಪೇಟದ ತುದಿಯೋ ಕಾಲುಂಗುರವೋ ಮರೆಯಾಗುತ್ತದೆ.

ಅದೇ ಚಿತ್ರ 5×7ಕ್ಕೆ ಆಗುತ್ತದೆಯೇ? ಬೇಕಾದ ಎತ್ತರ 5600, ನಷ್ಟ 400, ಉಳಿಯುವುದು 720. ಇಲ್ಲಿ ಇಂಚಿಗೆ 800 ಪಿಕ್ಸೆಲ್ ಆದ್ದರಿಂದ ಚೌಕಟ್ಟಿಗೆ ಮೇಲೆ ಕೆಳಗೆ ಸೇರಿ 400. ಆಮೇಲೂ 320 ಪಿಕ್ಸೆಲ್ ಉಳಿಯುತ್ತದೆ. ಅದರಲ್ಲಿ 200ನ್ನು ಪೇಟದ ಮೇಲೂ 120ನ್ನು ಪಾದದ ಕೆಳಗೂ ಬಿಟ್ಟರೆ ಮೇಲಿನಿಂದ 220, ಕೆಳಗಿನಿಂದ 180 ಕತ್ತರಿಸಬೇಕಾಗುತ್ತದೆ. ಬಿಗಿಯಾಗಿದ್ದರೂ ಏನೂ ತುಂಡಾಗುವುದಿಲ್ಲ.

ಗೋಡೆಗೆ 8×10ನೇ ಬೇಕು ಎಂದರೆ ಪಾದದ ಆಸೆ ಬಿಡಬೇಕು, ಬಿಟ್ಟ ಮೇಲೆ ಚೌಕಾಸಿ ಮಾಡಬಾರದು. ಕೈಬೆರಳುಗಳು 3650ರ ಹತ್ತಿರ ಮುಗಿಯುತ್ತವೆ, ಮೊಣಕಾಲು 4150ರ ಆಸುಪಾಸಿನಲ್ಲಿದೆ ಎಂದಿಟ್ಟುಕೊಳ್ಳಿ. ಇವೆರಡರ ನಡುವೆ, 3900ರಲ್ಲಿ, ಚಿತ್ರ ಮುಗಿಸುತ್ತೇನೆ. ಮೇಲಿನ ಅಂಚು 300ರಲ್ಲಿ. ಎತ್ತರ 3600 ಆಯಿತು. 8×10ಕ್ಕೆ ಅಗಲ 2880 ಬೇಕು. ಜೋಡಿ ಅಡ್ಡಕ್ಕೆ 800ರಿಂದ 3200ರವರೆಗೆ ಇದ್ದರೆ, 560ರಿಂದ 3440ರವರೆಗೆ ತೆಗೆದುಕೊಂಡಾಗ ಎರಡೂ ಪಕ್ಕದಲ್ಲಿ 240 ಪಿಕ್ಸೆಲ್ ಉಳಿಯುತ್ತದೆ. ಇಂಚಿಗೆ 360 ಪಿಕ್ಸೆಲಿನ ಈ ಪ್ರಿಂಟಿನಲ್ಲಿ ಚೌಕಟ್ಟು ಪ್ರತಿ ಬದಿಯಲ್ಲಿ ಮುಚ್ಚುವುದು 90 ಮಾತ್ರ. ಪೇಟ ಸುರಕ್ಷಿತ, ಬೆರಳುಗಳು ಸುರಕ್ಷಿತ, ಮುಖಗಳೂ ದೊಡ್ಡದಾಗಿ ಬರುತ್ತವೆ. ಮನೆಯ ಗೋಡೆಗೆ ನನಗಂತೂ ಇದೇ ಹೆಚ್ಚು ಇಷ್ಟ.

ಮೊಬೈಲಿನಲ್ಲಿ ಇದನ್ನು ಮಾಡುವಾಗ ಸಂಖ್ಯೆ ಟೈಪ್ ಮಾಡಬೇಕಾಗಿಲ್ಲ. ಕ್ರಾಪ್ ತೆರೆದು ಅನುಪಾತವನ್ನು 5:4 ಎಂದು ಆರಿಸಿ, ನಿಂತ ಫೋಟೋ ಆದರೆ ಚೌಕವನ್ನು ನಿಲ್ಲಿಸಿ, ಮೂಲೆ ಹಿಡಿದು ಎಳೆಯಿರಿ. ಸ್ನ್ಯಾಪ್‌ಸೀಡ್ ಆಪ್‌ನಲ್ಲಿ `DIN` ಎಂದು ಕಾಣುವುದು A4ಗೆ ಹೊಂದುವ ಆಕಾರ. 10×12ಕ್ಕೆ ಬೇಕಾದ 6:5 ಮಾತ್ರ ಬಹಳ ಆಪ್‌ಗಳ ಪಟ್ಟಿಯಲ್ಲಿ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಕ್ರಾಪ್ ಉಪಕರಣದ ಆಯ್ಕೆಗಳಲ್ಲಿ `Fixed` ಗುರುತು ಮಾಡಿ, `Aspect ratio` ಆರಿಸಿ, `10:12` ಎಂದು ಬರೆದರೆ ಆಯಿತು. ಆಜ್ಞೆ ಕೊಟ್ಟು ಕೆಲಸ ಮಾಡುವ ಅಭ್ಯಾಸ ಇರುವವರಿಗೆ ಇಮೇಜ್‌ಮ್ಯಾಜಿಕ್‌ನಲ್ಲಿ ಮೇಲಿನ ಲೆಕ್ಕ ಹೀಗಾಗುತ್ತದೆ:

```
magick maduve.jpg -auto-orient -crop 2880x3600+560+300 +repage maduve-8x10.jpg
```

ಮೊದಲ ಎರಡು ಸಂಖ್ಯೆ ಉಳಿಸಬೇಕಾದ ಅಗಲ ಮತ್ತು ಎತ್ತರ, ಮುಂದಿನ ಎರಡು ಎಡದಿಂದ ಮತ್ತು ಮೇಲಿನಿಂದ ಎಷ್ಟು ಬಿಟ್ಟು ಶುರು ಮಾಡಬೇಕು ಎನ್ನುವುದು. ಯಾವ ದಾರಿ ಹಿಡಿದರೂ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೂಲ ಫೈಲ್ ಹಾಗೇ ಇರಲಿ. ನಾಳೆ ಇನ್ನೊಂದು ಅಳತೆಯ ಫ್ರೇಮ್ ಬಂದಾಗ ಬೇಕಾಗುತ್ತದೆ.

ಹಂತ 5: ಉಳಿತಾಯ ಸಾಲದಿದ್ದರೆ ಕತ್ತರಿಸಬೇಡಿ

ಹದಿನಾಲ್ಕು ಜನರ ಅಡ್ಡ ಫೋಟೋ, 6000×4000. ಎಡ ತುದಿಯವರಿಂದ ಅಂಚಿಗೆ 250 ಪಿಕ್ಸೆಲ್, ಬಲ ತುದಿಯಲ್ಲಿ 350. ಒಟ್ಟು ಉಳಿತಾಯ 600, 8×10 ಕೇಳುವುದು 1000. ಇಲ್ಲಿ ಜಾಣತನದಿಂದ ಹಂಚಿ ಪ್ರಯೋಜನವಿಲ್ಲ. ಮೂರು ದಾರಿಗಳಿವೆ.

ಮೊದಲನೆಯದು ಫೋಟೋಗೆ ತಕ್ಕ ಫ್ರೇಮ್. ಸಿದ್ಧ ಫ್ರೇಮ್ ಮಾರುವ ಮಳಿಗೆಗಳಲ್ಲಿ ನಾಲ್ಕೈದು ಅಳತೆಗಳಷ್ಟೇ ಸಿಗುತ್ತವೆ. ನಮ್ಮ ಪೇಟೆಬೀದಿಗಳಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವರು ಮಾತ್ರ ಪಟ್ಟಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ಗಾಜನ್ನೂ ಅದೇ ಅಳತೆಗೆ ಕೊಯ್ದು ಕೂರಿಸುತ್ತಾರೆ. ಅವರಿಗೆ 8×12ಕ್ಕೂ 8×10ಕ್ಕೂ ಕೆಲಸ ಒಂದೇ. ಫ್ರೇಮ್ ಇನ್ನೂ ಕೊಳ್ಳದಿದ್ದರೆ ಒಳ್ಳೆಯದು ಎಂದದ್ದು ಇದಕ್ಕೆ: ಮೊದಲು ಪ್ರಿಂಟ್, ಆಮೇಲೆ ಕಟ್ಟು.

ಎರಡನೆಯದು ಮೌಂಟ್. ಫೋಟೋವನ್ನು ಸ್ವಲ್ಪ ಚಿಕ್ಕದಾಗಿ, ಪೂರ್ತಿಯಾಗಿ ಪ್ರಿಂಟ್ ಮಾಡಿಸಿ ಸುತ್ತ ಮೌಂಟಿನ ಅಂಚು ಬಿಡುವುದು. ಕೆಲವು ಜೋಡಿಗಳು ಅಚ್ಚುಕಟ್ಟಾಗಿ ಹೊಂದುತ್ತವೆ. ಮೊಬೈಲಿನ 4:3 ಫೋಟೋವನ್ನು 6×8 ಪ್ರಿಂಟ್ ಹಾಕಿಸಿ 8×10 ಫ್ರೇಮಿನಲ್ಲಿಟ್ಟರೆ ನಾಲ್ಕೂ ಕಡೆ ಸರಿಯಾಗಿ ಒಂದು ಇಂಚು. ಕ್ಯಾಮೆರಾದ 3:2 ಫೋಟೋವನ್ನು 8×12 ಹಾಕಿಸಿ 12×16 ಫ್ರೇಮಿನಲ್ಲಿಟ್ಟರೆ ನಾಲ್ಕೂ ಕಡೆ ಎರಡು ಇಂಚು. ನಿಮ್ಮ ಹತ್ತಿರ 8×10 ಫ್ರೇಮ್ ಈಗಾಗಲೇ ಇದ್ದು ಫೋಟೋ 3:2 ಆಗಿದ್ದರೆ, 5×7½ ಅಳತೆಯಲ್ಲಿ ಪ್ರಿಂಟ್ ಹಾಕಿಸಿ: ಗಿಡ್ಡ ಬದಿಯ ದಿಕ್ಕಿನಲ್ಲಿ ಒಂದೂವರೆ, ಉದ್ದ ಬದಿಯ ದಿಕ್ಕಿನಲ್ಲಿ ಒಂದೂಕಾಲು ಇಂಚಿನ ಅಂಚು ಬರುತ್ತದೆ, ವ್ಯತ್ಯಾಸ ಕಣ್ಣಿಗೆ ಚುಚ್ಚುವುದಿಲ್ಲ. ಮೌಂಟಿನ ಕಿಟಕಿಯನ್ನು ಫೋಟೋಗಿಂತ ಪ್ರತಿ ಬದಿಯಲ್ಲೂ 3 ಮಿಲಿಮೀಟರಿನಷ್ಟು ಚಿಕ್ಕದಾಗಿ ಕೊರೆಸಬೇಕು, ಇಲ್ಲದಿದ್ದರೆ ಫೋಟೋ ಕಿಟಕಿಯಿಂದ ಜಾರುತ್ತದೆ.

ಮೂರನೆಯದು ಅಗ್ಗದ ದಾರಿ: 8×10 ಕಾಗದದ ಮೇಲೇ ಬಿಳಿ ಅಂಚು ಬಿಟ್ಟು ಪೂರ್ತಿ ಫೋಟೋ ಪ್ರಿಂಟ್ ಮಾಡಿಸುವುದು. 3:2 ಫೋಟೋವನ್ನು ಸುಮ್ಮನೆ ಹೊಂದಿಸಿದರೆ ಎರಡು ಬದಿಗೆ ಮಾತ್ರ ಬಿಳಿ ಪಟ್ಟಿ ಬಂದು ತಪ್ಪಾಗಿ ಪ್ರಿಂಟ್ ಆದಂತೆ ಕಾಣುತ್ತದೆ. ನಾಲ್ಕೂ ಕಡೆ ಬರುವಂತೆ ಚಿತ್ರವನ್ನು ಇನ್ನೂ ಸ್ವಲ್ಪ ಕಿರಿದು ಮಾಡಿಸಿ.

ನಾಲ್ಕನೆಯ ದಾರಿಯೊಂದನ್ನು ಕೆಲವರು ತಾವೇ ಕಂಡುಕೊಳ್ಳುತ್ತಾರೆ: ಉದ್ದ ಅಗಲಗಳ ಕೊಂಡಿ ಬಿಡಿಸಿ ಫೋಟೋವನ್ನು ಎಳೆದು ಫ್ರೇಮಿಗೆ ಹೊಂದಿಸುವುದು. ದಯವಿಟ್ಟು ಬೇಡ. ನಿಂತ 3:2 ಫೋಟೋವನ್ನು 10×12ಕ್ಕೆ ಎಳೆದರೆ ಪ್ರತಿಯೊಬ್ಬರೂ ಕಾಲುಭಾಗ ದಪ್ಪಗಾಗುತ್ತಾರೆ. ಅಂಗಡಿಯಿಂದ ಬಂದ ಪ್ರಿಂಟಿನಲ್ಲಿ ಹೀಗಾಗಿದೆಯೇ ಎಂದು ಅನುಮಾನ ಬಂದರೆ ಹಣೆಯ ಬೊಟ್ಟನ್ನು, ಗೋಡೆಯ ಗಡಿಯಾರವನ್ನು ನೋಡಿ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಳೆದಿದ್ದಾರೆ ಎಂದರ್ಥ.

ಹಂತ 6: ಪಿಕ್ಸೆಲ್ ಸಾಕೇ ಎಂದು ನೋಡಿ

ಕತ್ತರಿಸಿದ ಮೇಲೆ ಉಳಿದ ಪಿಕ್ಸೆಲ್‌ಗಳನ್ನು ಇಂಚುಗಳಿಂದ ಭಾಗಿಸಿ. ಇಂಚಿಗೆ 300 ಇದ್ದರೆ ಕೈಯಲ್ಲಿ ಹಿಡಿದು ನೋಡಿದರೂ ನಯವಾಗಿರುತ್ತದೆ. 200 ಇದ್ದರೂ ತಕರಾರಿಲ್ಲ. ದೂರದಿಂದ ನೋಡುವ ದೊಡ್ಡ ಫ್ರೇಮಿಗೆ 150ರವರೆಗೂ ನಡೆಯುತ್ತದೆ.

ತೊಂದರೆ ಬರುವುದು ಗುಂಪು ಫೋಟೋದಿಂದ ಒಬ್ಬರ ಮುಖವನ್ನಷ್ಟೇ ಎತ್ತಿ 10×12 ಮಾಡಿಸಲು ಹೋದಾಗ. 4000×3000ರ ಮೊಬೈಲ್ ಫೋಟೋದಲ್ಲಿ ಆ ಒಬ್ಬರ ಎದೆಮಟ್ಟದ ಚಿತ್ರಕ್ಕೆ ಸಿಕ್ಕಿದ್ದು 800×960 ಪಿಕ್ಸೆಲ್ ಎಂದರೆ ಇಂಚಿಗೆ 80 ಮಾತ್ರ. ಕಣ್ಣು ರೆಪ್ಪೆ ಎಲ್ಲ ಕಲಸಿಹೋಗುತ್ತವೆ. ಅದನ್ನೇ 800×1000ಕ್ಕೆ ಕತ್ತರಿಸಿ 4×5 ಇಂಚಿನಲ್ಲಿ ಪ್ರಿಂಟ್ ಮಾಡಿಸಿದರೆ ಇಂಚಿಗೆ 200 ಸಿಗುತ್ತದೆ. 8×10 ಫ್ರೇಮಿನಲ್ಲಿ ಅಗಲವಾದ ಮೌಂಟ್ ಹಾಕಿಸಿ ಇಟ್ಟರೆ ಗೋಡೆಯ ಮೇಲೆ ಅದಕ್ಕೆ ಸಲ್ಲಬೇಕಾದ ಗಾತ್ರವೂ ಬರುತ್ತದೆ.

ಹಂತ 7: ಅಂಗಡಿಗೆ ಕೊಡುವಾಗ

ಫೈಲನ್ನು ವಾಟ್ಸ್‌ಆಪ್‌ನಲ್ಲಿ ಮಾಮೂಲಿ ಫೋಟೋ ಕಳಿಸಿದಂತೆ ಕಳಿಸಬೇಡಿ. ಅದು ಉದ್ದ ಬದಿಯನ್ನು ಸಾಮಾನ್ಯವಾಗಿ 1600 ಪಿಕ್ಸೆಲ್‌ನ ಆಸುಪಾಸಿಗೆ ಕುಗ್ಗಿಸುತ್ತದೆ. ಇಷ್ಟು ಲೆಕ್ಕ ಹಾಕಿ ಉಳಿಸಿದ್ದೆಲ್ಲ ಅಲ್ಲಿ ಸೋರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

ಕೌಂಟರಿನಲ್ಲಿ ಹೇಳಬೇಕಾದ ಮಾತು ಇಷ್ಟು: “ಇದು ಆಗಲೇ 8×10ಕ್ಕೆ ಕಟ್ ಮಾಡಿದ ಫೈಲ್, ನೀವು ಮತ್ತೆ ಕಟ್ ಮಾಡಬೇಡಿ.” ಅನುಪಾತ ಸರಿಯಾಗಿದ್ದರೆ ಯಂತ್ರಕ್ಕೆ ಕತ್ತರಿಸಲು ಹೆಚ್ಚೇನೂ ಸಿಗುವುದಿಲ್ಲ. ಅಂಚಿಲ್ಲದ ಪ್ರಿಂಟಿನಲ್ಲಿ ಬಿಳಿ ಗೆರೆ ಕಾಣದಿರಲೆಂದು ಯಂತ್ರ ಚಿತ್ರವನ್ನು ಎಳ್ಳಷ್ಟು ಹಿಗ್ಗಿಸುವುದರಿಂದ ಪ್ರತಿ ಬದಿಯಲ್ಲೂ ಒಂದೆರಡು ಮಿಲಿಮೀಟರ್ ಹೋಗುತ್ತದೆ. ಅದು ಹೇಗೂ ಚೌಕಟ್ಟಿನ ಕೆಳಗೆ ಬರುವ ಭಾಗ. ಅಂಗಡಿಯವರು ಚರ್ಮದ ಬಣ್ಣ, ಬೆಳಕು ಸರಿಪಡಿಸಲು ಫೈಲನ್ನು ತೆರೆಯುವುದುಂಟು, ಆಗ ಅಭ್ಯಾಸಬಲದಿಂದ ಮುಖವನ್ನು ನಡುವಿಗೆ ತಂದು ಇನ್ನೊಮ್ಮೆ ಕತ್ತರಿಸುವುದೂ ಉಂಟು. ಹಾಗಾಗಿ ಪ್ರಿಂಟ್ ಕೊಡುವ ಮುನ್ನ ಅವರ ಪರದೆಯ ಮೇಲೆ ಒಮ್ಮೆ ತೋರಿಸಲು ಕೇಳಿ.

ಪ್ರಿಂಟ್ ಕೈಗೆ ಬಂದ ಮೇಲೆ ಅದನ್ನು ಫ್ರೇಮಿನ ಒಳಗಿಟ್ಟು ಮುಂದಿನಿಂದ ನೋಡಿ, ಪೇಟ, ಬೆರಳು, ತುದಿಯಲ್ಲಿ ನಿಂತವರು ಎಲ್ಲ ಕಾಣುತ್ತಾರೆಯೇ ಎಂದು ಎಣಿಸಿಕೊಳ್ಳಿ. ಕಟ್ಟು ಹಾಕುವವರು ಹಿಂದಿನ ಹಲಗೆಗೆ ಮೊಳೆ ಹೊಡೆದು ಅಂಟುಪಟ್ಟಿ ಸುತ್ತುವ ಮೊದಲೇ ಇದಾಗಬೇಕು. ಫೋಟೋ ಕಿಂಡಿಯಲ್ಲಿ ಒಂದು ಕಡೆಗೆ ವಾಲಿದ್ದರೆ ಆಗ ಬೆರಳಲ್ಲೇ ಸರಿಸಬಹುದು. ಪಟ್ಟಿ ಸುತ್ತಿದ ಮೇಲೆ ಬಿಚ್ಚಿಸುವುದು ಅವರಿಗೂ ಬೇಸರ, ನಿಮಗೂ ಖರ್ಚು.